ಗರ್ಭಿಣಿಗೆ ಮೈಗ್ರೇನ್ ಬಂದಾಗ: ಯಾವ ತಿಂಗಳಿಗೆ ಯಾವ ಮಾತ್ರೆ?

"ತಲೆ ಸಿಡೀತಿದೆ, ಮನೇಲಿದ್ದ ಮಾತ್ರೇನೇ ತಗೊಳ್ಳಬಹುದಾ?" ಅಂತ ಗರ್ಭಿಣಿಯೊಬ್ಬರು ಕೇಳಿದರೆ, ನಾನು ಮೊದಲು ಸ್ಟ್ರಿಪ್ ತೋರಿಸಿ ಅನ್ನುತ್ತೇನೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಇಷ್ಟು ವರ್ಷ ಕೆಲಸ ಮಾಡಿ ಬಂದ ಅಭ್ಯಾಸ ಇದು. ಸ್ಟ್ರಿಪ್ಪಿನ ಮುಂದಿರುವ ದೊಡ್ಡ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಹಿಂದಿನ ಸಣ್ಣ ಅಕ್ಷರಗಳನ್ನು ಓದಬೇಕು. ಮೈಗ್ರೇನ್‌ಗೆಂದು ಮಾರುವ ಕೆಲವು ಮಾತ್ರೆಗಳಲ್ಲಿ ಪ್ಯಾರಸಿಟಮಾಲ್, ಕೆಫೀನ್, ವಾಂತಿ ತಡೆಯುವ ಒಂದು ಔಷಧ, ಇವುಗಳ ಜೊತೆಗೆ ಎರ್ಗೊಟಮಿನ್ ಕೂಡ ಸೇರಿರುತ್ತದೆ. ಮೊದಲ ಮೂರರ ಬಗ್ಗೆ ಮಾತಾಡಿಕೊಳ್ಳಬಹುದು. ಎರ್ಗೊಟಮಿನ್ ಬಗ್ಗೆ ಮಾತೇ ಇಲ್ಲ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಗರ್ಭಕೋಶವನ್ನು ಹಿಂಡುತ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಒಂಬತ್ತು ತಿಂಗಳಲ್ಲಿ ಯಾವ ದಿನವೂ ಅದು ಬೇಡ.

ಹಾಗಂತ ಯಾವ ಮಾತ್ರೆಯನ್ನೂ ಮುಟ್ಟದೆ ಹಲ್ಲು ಕಚ್ಚಿ ಮಲಗುವುದೂ ಸರಿಯಲ್ಲ. ಎರಡು ದಿನ ವಾಂತಿ, ನೀರಿಲ್ಲ, ಊಟವಿಲ್ಲ, ನಿದ್ದೆಯಿಲ್ಲ ಅಂದರೆ ಅದರಿಂದ ತಾಯಿಗೂ ಒಳ್ಳೆಯದಲ್ಲ, ಮಗುವಿಗೂ ಒಳ್ಳೆಯದಲ್ಲ. ಆಯ್ಕೆಗಳು ನಿಜವಾಗಿಯೂ ಇವೆ. ಆದರೆ "ಇದು ಸುರಕ್ಷಿತವೇ?" ಅಂತ ಒಂದೇ ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಎಷ್ಟನೇ ವಾರ ಅಂತಲೂ ಸೇರಿಸಿ ಕೇಳಬೇಕು.

ತಿಂಗಳು ಕಳೆದಂತೆ ನೋವು ಹೇಗೆ ಬದಲಾಗುತ್ತದೆ

ಮೈಗ್ರೇನ್ ಇರುವ ತುಂಬಾ ಹೆಂಗಸರಿಗೆ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ನೋವು ಜಾಸ್ತಿ. ಆಗ ಈಸ್ಟ್ರೋಜನ್ ಥಟ್ಟನೆ ಇಳಿಯುತ್ತದೆ, ಆ ಇಳಿತವೇ ನೋವನ್ನು ಕೆರಳಿಸುತ್ತದೆ. ಗರ್ಭಿಣಿಯಾದ ಮೇಲೆ ಈ ಏರಿಳಿತ ನಿಲ್ಲುತ್ತದೆ. ಈಸ್ಟ್ರೋಜನ್ ಏರುತ್ತಾ ಹೋಗಿ, ಮೇಲೆಯೇ ಉಳಿಯುತ್ತದೆ. ಅದಕ್ಕೇ ಅರ್ಧಕ್ಕಿಂತ ಹೆಚ್ಚು ಜನರಿಗೆ ನಾಲ್ಕನೇ ತಿಂಗಳಿನಿಂದ ನೋವು ಕಡಿಮೆಯಾಗುತ್ತದೆ. ಕೆಲವರಿಗೆ ಪೂರ್ತಿ ನಿಂತೇ ಹೋಗುತ್ತದೆ.

ಕಷ್ಟವಿರುವುದು ಮೊದಲ ಮೂರು ತಿಂಗಳಲ್ಲಿ. ಹಾರ್ಮೋನು ಇನ್ನೂ ಏರುತ್ತಿರುತ್ತದೆ, ವಾಕರಿಕೆಯಿಂದ ಹೊಟ್ಟೆ ಖಾಲಿ ಇರುತ್ತದೆ, ನಿದ್ದೆ ಕೆಟ್ಟಿರುತ್ತದೆ. ಇದರ ಜೊತೆ ಯಾರೂ ಅಷ್ಟಾಗಿ ಗಮನಿಸದ ಒಂದು ಕಾರಣವಿದೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತಿದ್ದವರು ವಾಸನೆ ಆಗದೆ ಒಂದೇ ದಿನದಲ್ಲಿ ಬಿಟ್ಟುಬಿಡುತ್ತಾರೆ. ಕೆಫೀನ್ ಹಾಗೆ ಥಟ್ಟನೆ ನಿಂತರೆ ತಲೆನೋವು ಬರುತ್ತದೆ. ಅದನ್ನು ಮೈಗ್ರೇನ್ ಜಾಸ್ತಿಯಾಯಿತು ಅಂದುಕೊಂಡು ಮಾತ್ರೆ ಹುಡುಕುತ್ತಾರೆ. ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರಬಾರದು ಅಂತ ಹೇಳುತ್ತಾರೆ, ನಿಜ. ಆದರೆ ಸೊನ್ನೆಗೆ ಇಳಿಯಬೇಕೆಂದಿಲ್ಲ. ಇಳಿಸುವುದಿದ್ದರೂ ಒಂದು ವಾರ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸಿ.

ಔರಾ ಇರುವವರ ವಿಷಯ ಬೇರೆ. ನೋವಿಗೆ ಮುಂಚೆ ಕಣ್ಣ ಮುಂದೆ ಮಿಣುಕು, ಅಂಕುಡೊಂಕು ಗೆರೆ, ನೋಟದಲ್ಲೊಂದು ಕಪ್ಪು ತೇಪೆ, ಕೈಯಿಂದ ಮುಖದವರೆಗೆ ನಿಧಾನವಾಗಿ ಹರಿಯುವ ಜುಮ್ಮು, ಇವು ಔರಾದ ಲಕ್ಷಣಗಳು. ಇಂಥವರಿಗೆ ಗರ್ಭದಲ್ಲಿ ನೋವು ಕಡಿಮೆಯಾಗುವ ಸಾಧ್ಯತೆ ಕಡಿಮೆ. ಮೊದಲು ಎಂದೂ ಔರಾ ಇಲ್ಲದವರಿಗೆ ಗರ್ಭದಲ್ಲೇ ಮೊದಲ ಸಲ ಕಾಣಿಸುವುದೂ ಉಂಟು. ಔರಾ ನಿಧಾನವಾಗಿ ಹಬ್ಬುತ್ತದೆ, ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಒಂದೇ ಕ್ಷಣದಲ್ಲಿ ಕೈ ಬಿದ್ದುಹೋದರೆ, ಮಾತು ನಿಂತರೆ, ಒಂದು ಕಡೆಯ ನೋಟ ಹೋದರೆ ಅದನ್ನು ಔರಾ ಅಂದುಕೊಂಡು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಗರ್ಭದಲ್ಲಿ ಮೊದಲ ಸಲ ಬಂದ ಔರಾವನ್ನೂ ಡಾಕ್ಟರ್‌ಗೆ ಅವತ್ತೇ ಹೇಳಬೇಕು.

ಮಾತ್ರೆ ಆರಿಸುವ ಮುಂಚೆ: ಇದು ಮೈಗ್ರೇನೇ ಹೌದಾ?

ಇಪ್ಪತ್ತು ವಾರ ದಾಟಿದ ಮೇಲೆ ಹೊಸದಾಗಿ ಅಥವಾ ಬೇರೆ ಥರ ಬರುವ ಯಾವ ತಲೆನೋವಿಗೂ ಮೊದಲ ಕೆಲಸ ಬಿಪಿ ನೋಡುವುದು. ಮಾತ್ರೆ ಅದಾದ ಮೇಲೆ. ಪ್ರಿಎಕ್ಲಾಂಪ್ಸಿಯಾ ಅನ್ನುವ ತೊಂದರೆಯಲ್ಲಿ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಹೋಗುತ್ತದೆ, ಬಹಳ ಸಲ ಮೂತ್ರದಲ್ಲಿ ಪ್ರೋಟೀನ್ ಕಾಣುತ್ತದೆ. ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ಬಲಗಡೆ ನೋವು, ಮುಖ ಮತ್ತು ಕೈ ಊದುವುದು ಇದರ ಗುರುತುಗಳು. ಕಣ್ಣ ಮುಂದೆ ಮಿಂಚಿದಂತಾಗುವುದು ಔರಾದಲ್ಲೂ ಇದೆ, ಇದರಲ್ಲೂ ಇದೆ. ಹಾಗಾಗಿ ಲಕ್ಷಣ ನೋಡಿ ಮನೆಯಲ್ಲಿ ಬೇರೆ ಮಾಡಲು ಆಗುವುದಿಲ್ಲ. ಬಿಪಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ಮಾತು: ಪ್ಯಾರಸಿಟಮಾಲ್ ತಗೊಂಡು ನೋವು ಇಳಿಯಿತು ಅಂದಮಾತ್ರಕ್ಕೆ ಪ್ರಿಎಕ್ಲಾಂಪ್ಸಿಯಾ ಇಲ್ಲ ಅಂತ ಅರ್ಥವಲ್ಲ. ಮೈಗ್ರೇನ್ ಇರುವವರಲ್ಲಿ ಪ್ರಿಎಕ್ಲಾಂಪ್ಸಿಯಾ ಸ್ವಲ್ಪ ಜಾಸ್ತಿಯೇ ಕಾಣುತ್ತದೆ. ಆದ್ದರಿಂದ "ನಂಗೆ ಹಳೇ ಮೈಗ್ರೇನ್ ಇದೆ, ಇದು ಅದೇ" ಅನ್ನುವ ಧೈರ್ಯವೇ ಇಲ್ಲಿ ಅಪಾಯ.

ಇನ್ನು ಕೆಲವನ್ನು ಕಾಯದೆ ತೋರಿಸಬೇಕು. ಒಂದು ನಿಮಿಷದೊಳಗೆ ಸಿಡಿಲಿನಂತೆ ಏರಿದ ನೋವು. ಮಲಗಿದರೆ ಜಾಸ್ತಿಯಾಗುತ್ತಾ, ದಿನದಿಂದ ದಿನಕ್ಕೆ ಬೆಳೆಯುವ ನೋವು. ಇದರ ಹಿಂದೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇರಬಹುದು, ಗರ್ಭದ ಕೊನೆಗೆ ಮತ್ತು ಹೆರಿಗೆಯ ನಂತರದ ವಾರಗಳಲ್ಲಿ ಈ ಅಪಾಯ ಹೆಚ್ಚು. ಜ್ವರದ ಜೊತೆ ಕತ್ತು ಬಿಗಿಯುವುದು. ಫಿಟ್ಸ್. ಪರೀಕ್ಷೆಗೆ ಹೆದರಬೇಕಿಲ್ಲ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಅನ್ನುವ ಔಷಧ ಚುಚ್ಚದೆ ಮಾಡುವ ಎಂಆರ್‌ಐ ಗರ್ಭದಲ್ಲಿ ಮಾಡಬಹುದು. ತಲೆಯ ಸಿಟಿ ಸ್ಕ್ಯಾನ್ ತುರ್ತಾಗಿ ಬೇಕಾದರೂ ಮಗುವಿಗೆ ತಲುಪುವ ವಿಕಿರಣ ತೀರಾ ಕಡಿಮೆ.

ನೋವು ಶುರುವಾದಾಗ: ಮೂರು ಮಾತ್ರೆಗಳ ನಡುವೆ

ಜನರ ಮನಸ್ಸಿನಲ್ಲಿರುವ ಲೆಕ್ಕ ಹೀಗಿದೆ: ಐಬುಪ್ರೊಫೇನ್ ಎಲ್ಲರೂ ತಗೊಳ್ಳುವ ಮಾಮೂಲಿ ಮಾತ್ರೆ, ಹಾಗಾಗಿ ಪರವಾಗಿಲ್ಲ. ಸುಮಾಟ್ರಿಪ್ಟಾನ್ ಮೈಗ್ರೇನ್‌ಗೇ ಮಾಡಿದ ಜೋರು ಮಾತ್ರೆ, ಹಾಗಾಗಿ ಬೇಡವೇ ಬೇಡ. ಗರ್ಭ ಬೆಳೆದಂತೆ ಈ ಲೆಕ್ಕ ತಿರುವುಮುರುವಾಗುತ್ತದೆ. ಇದೊಂದು ಮಾತು ಹೇಳುವುದಕ್ಕಾಗಿಯೇ ನಾನು ಇದನ್ನು ಬರೆಯಲು ಕೂತಿದ್ದು.

ಮೊದಲ ಮಾತ್ರೆ ಪ್ಯಾರಸಿಟಮಾಲ್. ಮೊದಲ ವಾರದಿಂದ ಕೊನೆಯ ವಾರದವರೆಗೂ ಮೊದಲ ಆಯ್ಕೆ ಅದೇ. ಕೆಲಸ ಮಾಡಲಿಲ್ಲ ಅಂತ ದೂರುವವರಲ್ಲಿ ಅರ್ಧ ಜನ ಎರಡು ತಪ್ಪು ಮಾಡಿರುತ್ತಾರೆ: ಮಗುವಿಗೆ ಹೆದರಿ 500 ಮಿಲಿಗ್ರಾಂ ಮಾತ್ರ ತಗೊಂಡಿರುತ್ತಾರೆ, ಅದನ್ನೂ ನೋವು ನೆತ್ತಿಗೇರಿದ ಮೇಲೆ. ದೇಹದ ತೂಕ 50 ಕಿಲೋಗಿಂತ ಹೆಚ್ಚಿದ್ದು ಲಿವರ್ ಸರಿಯಿದ್ದರೆ ಮೈಗ್ರೇನ್‌ಗೆ ಒಂದು ಡೋಸ್ ಅಂದರೆ 1000 ಮಿಲಿಗ್ರಾಂ. ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು. ಇಪ್ಪತ್ತನಾಲ್ಕು ಗಂಟೆಯಲ್ಲಿ 4 ಗ್ರಾಂ ಮೀರಬಾರದು. ತೂಕ ಕಡಿಮೆಯಿದ್ದರೆ ಡೋಸೂ ಕಡಿಮೆ, ಡಾಕ್ಟರ್ ಲೆಕ್ಕ ಹಾಕಿ ಹೇಳುತ್ತಾರೆ. ನೆಗಡಿ, ಜ್ವರದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಅದನ್ನೂ ಈ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಪ್ಯಾರಸಿಟಮಾಲ್‌ನಿಂದ ಮಗುವಿಗೆ ಆಟಿಸಂ ಬರುತ್ತದೆಯೇ ಅಂತ ಈಗ ತುಂಬಾ ಜನ ಕೇಳುತ್ತಾರೆ. ಹೆದರಿಕೆ ಸಹಜ. 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 24 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದರು. ಮೇಲ್ನೋಟಕ್ಕೆ ಸಣ್ಣ ಸಂಬಂಧ ಕಂಡಿತು. ಆಮೇಲೆ ಒಂದೇ ತಾಯಿಯ ಮಕ್ಕಳನ್ನು, ಅಂದರೆ ಒಂದು ಬಸಿರಿನಲ್ಲಿ ಈ ಮಾತ್ರೆ ತಗೊಂಡು ಇನ್ನೊಂದರಲ್ಲಿ ತಗೊಳ್ಳದ ತಾಯಂದಿರ ಮಕ್ಕಳನ್ನು, ಹೋಲಿಸಿದರು. ಆ ಸಂಬಂಧ ಕಾಣದೇ ಹೋಯಿತು. ಅಂದರೆ ವ್ಯತ್ಯಾಸ ಬಂದದ್ದು ಮಾತ್ರೆಯಿಂದಲ್ಲ, ಮನೆತನ ಮತ್ತು ತಾಯಿಯ ಆರೋಗ್ಯದಂಥ ಬೇರೆ ಕಾರಣಗಳಿಂದ ಅನ್ನುವುದೇ ಹೆಚ್ಚು ಸರಿಹೊಂದುತ್ತದೆ. ಬೇಕಾದಾಗ, ಬೇಕಾದಷ್ಟು, ಬೇಕಾದಷ್ಟೇ ದಿನ ತಗೊಳ್ಳಿ.

ಎರಡನೆಯದು ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಡೈಕ್ಲೋಫೆನಾಕ್‌ಗಳ ಗುಂಪು. ಗರ್ಭದ ಕ್ಯಾಲೆಂಡರಿನಲ್ಲಿ ಇವುಗಳಿಗೆ ಸಣ್ಣ ಕಿಟಕಿಯಷ್ಟೇ ಇದೆ. ಮೊದಲ ತಿಂಗಳುಗಳಲ್ಲಿ ಗರ್ಭಪಾತದ ಅಪಾಯ ಸ್ವಲ್ಪ ಹೆಚ್ಚಬಹುದು ಅನ್ನುವ ಅನುಮಾನ ಪೂರ್ತಿ ಹೋಗಿಲ್ಲ. ನಾಲ್ಕು, ಐದನೇ ತಿಂಗಳ ಆರಂಭದಲ್ಲಿ ಡಾಕ್ಟರ್ ಹೇಳಿದರೆ ಒಂದೆರಡು ದಿನ ತಗೊಳ್ಳಬಹುದು. 20ನೇ ವಾರಕ್ಕೆ ಕಿಟಕಿ ಮುಚ್ಚುತ್ತದೆ. ಆ ಹೊತ್ತಿನಿಂದ ಮಗುವಿನ ಸುತ್ತಲಿನ ನೀರಿನ ಬಹುಪಾಲು ಮಗುವಿನ ಮೂತ್ರವೇ. ಈ ಮಾತ್ರೆಗಳು ಮಗುವಿನ ಕಿಡ್ನಿಯ ಕೆಲಸ ತಗ್ಗಿಸುತ್ತವೆ, ನೀರು ಕಡಿಮೆಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದೇ ಕಾರಣಕ್ಕೆ 20ನೇ ವಾರದಿಂದ ಇವನ್ನು ತಗೊಳ್ಳಬೇಡಿ ಅಂತ ಎಚ್ಚರಿಸಿತು. ಸುಮಾರು 30ನೇ ವಾರದ ನಂತರ ಇನ್ನೊಂದು ಅಪಾಯ ಸೇರುತ್ತದೆ. ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಬಳಿಯ ಒಂದು ರಕ್ತನಾಳ ಹೊಟ್ಟೆಯೊಳಗೇ ಮುಚ್ಚಿಕೊಳ್ಳಬಹುದು.

ಪ್ರಿಎಕ್ಲಾಂಪ್ಸಿಯಾ ತಡೆಯಲು ಡಾಕ್ಟರ್ ದಿನಾ ಕೊಡುವ 75ರಿಂದ 150 ಮಿಲಿಗ್ರಾಂ ಆಸ್ಪಿರಿನ್ ಈ ಎಚ್ಚರಿಕೆಗೆ ಸೇರುವುದಿಲ್ಲ. ಇದನ್ನು ಓದಿ ಹೆದರಿ ಅದನ್ನು ನಿಲ್ಲಿಸಬೇಡಿ. ತಲೆನೋವಿಗೆ ತಗೊಳ್ಳುವ ದೊಡ್ಡ ಡೋಸ್ ಆಸ್ಪಿರಿನ್ ಮಾತ್ರ ಬೇಡ.

ಮೂರನೆಯದು ಸುಮಾಟ್ರಿಪ್ಟಾನ್. ಇದರ ಗುಂಪಿನ ಮಾತ್ರೆಗಳಲ್ಲಿ ಗರ್ಭಿಣಿಯರ ಮಾಹಿತಿ ಅತಿ ಹೆಚ್ಚು ಇರುವುದು ಇದಕ್ಕೆ. ಹಲವು ವರ್ಷ ನಡೆದ ನೋಂದಣಿ ದಾಖಲೆಗಳಲ್ಲಿ, ಇದನ್ನು ತಗೊಂಡ ತಾಯಂದಿರ ಮಕ್ಕಳಲ್ಲಿ ಹುಟ್ಟಿನ ದೊಡ್ಡ ದೋಷಗಳು ಮಾಮೂಲಿಗಿಂತ ಜಾಸ್ತಿ ಕಂಡಿಲ್ಲ. ಹಾಗಾಗಿ ಪ್ಯಾರಸಿಟಮಾಲ್‌ಗೆ ಬಗ್ಗದ ನೋವಿಗೆ ಡಾಕ್ಟರ್ ಸಲಹೆಯ ಮೇಲೆ 50 ಮಿಲಿಗ್ರಾಂ ಕೊಡುವುದುಂಟು. ಮೂರು ತಿಂಗಳಿರಲಿ, ಎಂಟು ತಿಂಗಳಿರಲಿ, ಐಬುಪ್ರೊಫೇನ್‌ನಂತೆ ಇಂತಿಷ್ಟನೇ ವಾರಕ್ಕೆ ಬಾಗಿಲು ಮುಚ್ಚುವುದಿಲ್ಲ. ಇದರ ಬಾಗಿಲು ಮುಚ್ಚುವುದು ತಾಯಿಯ ದೇಹಸ್ಥಿತಿ ನೋಡಿ. ಬಿಪಿ ಹಿಡಿತದಲ್ಲಿಲ್ಲದವರಿಗೆ, ಹೃದಯದ ರಕ್ತನಾಳದ ತೊಂದರೆ ಇರುವವರಿಗೆ, ಹಿಂದೆ ಪಾರ್ಶ್ವವಾಯು ಆದವರಿಗೆ, ಮೈಗ್ರೇನ್ ಜೊತೆ ಕೈಕಾಲು ಬಲ ಕಳೆದುಕೊಳ್ಳುವವರಿಗೆ ಇದು ಆಗುವುದಿಲ್ಲ.

ತಗೊಳ್ಳುವ ಹೊತ್ತೂ ಮುಖ್ಯ. ಔರಾ ಇದ್ದರೆ, ಅದು ಮುಗಿದು ನೋವು ಶುರುವಾದಾಗ ತಗೊಳ್ಳಬೇಕು. ಮೊದಲ ಮಾತ್ರೆಗೆ ನೋವು ಇಳಿದು ಮತ್ತೆ ಬಂದರೆ ಎರಡು ಗಂಟೆ ಬಿಟ್ಟು ಇನ್ನೊಂದಕ್ಕೆ ಅವಕಾಶವಿದೆ. ಮೊದಲನೆಯದೇ ಕೆಲಸ ಮಾಡದಿದ್ದರೆ ಅದೇ ನೋವಿಗೆ ಇನ್ನೊಂದು ನುಂಗಿ ಪ್ರಯೋಜನವಿಲ್ಲ. ಎದೆ ಅಥವಾ ಗಂಟಲು ಬಿಗಿದಂತೆ ಅನಿಸಿದರೆ ಡಾಕ್ಟರ್‌ಗೆ ಹೇಳಿ, ಕೇಳದೆ ಮತ್ತೆ ತಗೊಳ್ಳಬೇಡಿ. ಸ್ಟ್ರಿಪ್ಪಿನ ಹಿಂಬದಿ ಓದುವುದನ್ನು ಇಲ್ಲೂ ಮರೆಯಬೇಡಿ. ಸುಮಾಟ್ರಿಪ್ಟಾನ್ ಮತ್ತು ನ್ಯಾಪ್ರೊಕ್ಸೆನ್ ಎರಡೂ ಒಂದೇ ಮಾತ್ರೆಯಲ್ಲಿ ಸೇರಿ ಬರುತ್ತವೆ. ಮೊದಲನೆಯದು ಸರಿ ಅಂತ ನುಂಗಿದರೆ ಎರಡನೆಯದೂ ಹೊಟ್ಟೆಗೆ ಹೋಗುತ್ತದೆ.

ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ

ಮೈಗ್ರೇನ್ ಬಂದಾಗ ಹೊಟ್ಟೆಯ ಚಲನೆಯೂ ನಿಧಾನವಾಗುತ್ತದೆ. ನುಂಗಿದ ಮಾತ್ರೆ ಅಲ್ಲೇ ಕೂತಿರುತ್ತದೆ ಅಥವಾ ವಾಂತಿಯಲ್ಲಿ ಹೊರಬರುತ್ತದೆ. ಮೆಟೊಕ್ಲೊಪ್ರಮೈಡ್ 10 ಮಿಲಿಗ್ರಾಂ ಇಲ್ಲಿ ಎರಡು ಕೆಲಸ ಮಾಡುತ್ತದೆ. ವಾಂತಿ ತಡೆಯುತ್ತದೆ, ಹೊಟ್ಟೆಯಲ್ಲಿರುವುದನ್ನು ಮುಂದೆ ತಳ್ಳಿ ಪ್ಯಾರಸಿಟಮಾಲ್ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಮೈಗ್ರೇನ್ ನೋವನ್ನೂ ಒಂದಷ್ಟು ತಗ್ಗಿಸುತ್ತದೆ. ಗರ್ಭಿಣಿಯರಲ್ಲಿ ಇದನ್ನು ಬಹಳ ಕಾಲದಿಂದ ಬಳಸಿದ ಅನುಭವವಿದೆ. ಆದರೆ ಸಾಲಾಗಿ ಐದು ದಿನ ಮೀರಬಾರದು. ತಗೊಂಡ ಮೇಲೆ ದವಡೆ ಒಂದು ಕಡೆ ತಿರುಚಿದಂತೆ, ಕತ್ತು ಎಳೆದಂತೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಂತೆ ಆದರೆ ಅದು ಈ ಔಷಧದ್ದೇ ಅಡ್ಡಪರಿಣಾಮ. ನೋಡಲು ಭಯವಾಗುತ್ತದೆ, ಆದರೆ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಇಳಿಯುತ್ತದೆ. ಆಮೇಲೆ ಈ ಔಷಧ ನಿಮಗೆ ಆಗುವುದಿಲ್ಲ ಅಂತ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ.

ಇಷ್ಟಕ್ಕೂ ಬಗ್ಗದೆ ಆಸ್ಪತ್ರೆಗೆ ಹೋದರೆ ಡ್ರಿಪ್, ರಕ್ತನಾಳಕ್ಕೆ ಮೆಟೊಕ್ಲೊಪ್ರಮೈಡ್, ಅದರ ಜೊತೆ ಡೈಫೆನ್‌ಹೈಡ್ರಮೈನ್ ಕೊಡುವುದುಂಟು. ತಲೆಯ ಹಿಂಭಾಗದ ನರಕ್ಕೆ ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟು ನೋವು ತಡೆಯುವ ದಾರಿಯೂ ಇದೆ. ಔಷಧ ಅಲ್ಲಿಯೇ ಉಳಿದು ಮೈಯೆಲ್ಲ ಹರಡುವುದು ಕಡಿಮೆ, ಹಾಗಾಗಿ ಗರ್ಭಿಣಿಯರಿಗೆ ಇದು ಒಳ್ಳೆಯ ಆಯ್ಕೆ ಅನ್ನುವುದು ನನ್ನ ಅಭಿಪ್ರಾಯ. ಕೇಳಿದರೆ ಮಾತ್ರ ಈ ಮಾತು ಬರುತ್ತದೆ, ಅದಕ್ಕೇ ಕೇಳಿ. ಕೋಡೀನ್, ಟ್ರಮಡಾಲ್‌ಗಳತ್ತ ಹೋಗಬೇಡಿ. ವಾಂತಿ ಜಾಸ್ತಿ ಮಾಡುತ್ತವೆ, ಮೈಗ್ರೇನ್ ಮೇಲೆ ಕೆಲಸ ಕಡಿಮೆ, ಅಭ್ಯಾಸವಾದರೆ ಹುಟ್ಟಿದ ಮಗುವೂ ಅದರ ಕಷ್ಟ ಅನುಭವಿಸಬೇಕಾಗುತ್ತದೆ.

ಒಂದು ಬಸಿರು, ವಾರ ವಾರವಾಗಿ

ನಾನು ನೋಡಿದ ಹಲವರ ಕಥೆಯನ್ನು ಒಂದಾಗಿ ಸೇರಿಸಿ ಹೇಳುತ್ತೇನೆ. 29 ವರ್ಷದ ಹೆಣ್ಣುಮಗಳು, 58 ಕಿಲೋ ತೂಕ. ಔರಾ ಇಲ್ಲದ ಮೈಗ್ರೇನ್, ತಿಂಗಳಿಗೆ ನಾಲ್ಕು ಸಲ. ಯಾವಾಗಲೂ ಎಡಗಡೆ, ಮಿಡಿಯುವ ನೋವು, ಬೆಳಕು ಆಗದು. ನೋವಿಗೆ ಐಬುಪ್ರೊಫೇನ್, ತಡೆಯಲು ದಿನಾ ಟೊಪಿರಾಮೇಟ್. ಮಗು ಬೇಕು ಅಂತ ಡಾಕ್ಟರ್‌ಗೆ ಮೊದಲೇ ಹೇಳಿದ್ದರಿಂದ ಅವರು ಟೊಪಿರಾಮೇಟ್ ನಿಧಾನವಾಗಿ ಇಳಿಸಿ ನಿಲ್ಲಿಸಿ, ಫೋಲಿಕ್ ಆಸಿಡ್ ಶುರು ಮಾಡಿದರು.

7ನೇ ವಾರಕ್ಕೆ ನೋವು ಜಾಸ್ತಿಯಾಯಿತು, ಒಂದೇ ತಿಂಗಳಲ್ಲಿ ಆರು ಸಲ. ಆಕೆ ಪ್ಯಾರಸಿಟಮಾಲ್ 500 ತಗೊಳ್ಳುತ್ತಿದ್ದಳು, ಅದೂ ಮೂರು ಗಂಟೆ ಕಾದು ನೋಡಿದ ಮೇಲೆ. ಅರ್ಧ ಗಂಟೆಗೆ ವಾಂತಿ. ಡಾಕ್ಟರ್ ಕ್ರಮ ಬದಲಿಸಿದರು. ನೋವು ಶುರುವಾಗುತ್ತಿದೆ ಅನಿಸಿದ ತಕ್ಷಣ ಮೆಟೊಕ್ಲೊಪ್ರಮೈಡ್ 10 ಮಿಲಿಗ್ರಾಂ. ಇಪ್ಪತ್ತು ನಿಮಿಷ ಬಿಟ್ಟು ಪ್ಯಾರಸಿಟಮಾಲ್ 1000, ಒಂದು ಲೋಟ ನೀರಿನ ಜೊತೆ. ಕತ್ತಲೆ ಕೋಣೆ, ಹಣೆಗೆ ತಣ್ಣನೆ ಬಟ್ಟೆ. ಎರಡು ಗಂಟೆ ಕಾಯುವುದು. ಇಳಿಯದಿದ್ದರೆ ಮಾತ್ರ ಸುಮಾಟ್ರಿಪ್ಟಾನ್ 50. ಮುಂದಿನ ತಿಂಗಳು ಬಂದ ಐದು ನೋವುಗಳಲ್ಲಿ ನಾಲ್ಕು ಮೊದಲ ಎರಡು ಮಾತ್ರೆಗೇ ಇಳಿದವು. ಒಂದು ಸಲ ಸುಮಾಟ್ರಿಪ್ಟಾನ್ ಬೇಕಾಯಿತು. ಪ್ಯಾರಸಿಟಮಾಲ್ ಹಳೆಯದೇ, ಬದಲಾಗಿದ್ದು ಅದರ ಡೋಸು, ಹೊತ್ತು ಮತ್ತು ಅದಕ್ಕೆ ಮುಂಚೆ ತಗೊಂಡ ವಾಂತಿ ಮಾತ್ರೆ.

ಆಕೆ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡಳು. ದಿನ, ನೋವು ಶುರುವಾದ ಗಂಟೆ, ತಗೊಂಡ ಮಾತ್ರೆ, ಎರಡು ಗಂಟೆ ನಂತರ ಹೇಗಿತ್ತು, ನಾಲ್ಕೇ ಕಾಲಮ್ಮು. ಇದರಿಂದ ಇನ್ನೊಂದು ಅನುಕೂಲವಿದೆ. ಪ್ಯಾರಸಿಟಮಾಲ್ ತಿಂಗಳಲ್ಲಿ 15 ದಿನ, ಸುಮಾಟ್ರಿಪ್ಟಾನ್ 10 ದಿನ ಮುಟ್ಟಿದರೆ ಮಾತ್ರೆಯೇ ಹೊಸ ತಲೆನೋವು ತರುತ್ತದೆ. ಪುಸ್ತಕವಿದ್ದರೆ ಅಲ್ಲಿಗೆ ಹೋಗುವ ಮುಂಚೆ ಗೊತ್ತಾಗುತ್ತದೆ.

16ನೇ ವಾರಕ್ಕೆ ತಿಂಗಳಿಗೆ ಒಂದೇ ನೋವು. 24ನೇ ವಾರಕ್ಕೆ ಅದೂ ಇಲ್ಲ. 33ನೇ ವಾರದಲ್ಲಿ ಒಂದು ಸಂಜೆ ತಲೆನೋವು ಬಂತು. ಎಡಗಡೆಯಲ್ಲ, ತಲೆ ಪೂರ್ತಿ. ಮಿಡಿತವಿಲ್ಲ, ಒಂದೇ ಸಮನೆ ಅದುಮಿದಂತೆ. ಕಣ್ಣ ಮುಂದೆ ಚುಕ್ಕಿಗಳು. ಮನೆಯವರು ಸುಮಾಟ್ರಿಪ್ಟಾನ್ ತಂದುಕೊಟ್ಟರು. ಆಕೆ ತಗೊಳ್ಳಲಿಲ್ಲ. "ಇದು ನನ್ನ ನೋವಲ್ಲ" ಅಂದಳಂತೆ. ಆಸ್ಪತ್ರೆಯಲ್ಲಿ ಬಿಪಿ 152/98. ಮೂತ್ರದಲ್ಲಿ ಪ್ರೋಟೀನ್. ಅದು ಪ್ರಿಎಕ್ಲಾಂಪ್ಸಿಯಾ. ಅವತ್ತು ಆ ಮಾತ್ರೆ ನುಂಗಿದ್ದರೆ ಏರಿದ ಬಿಪಿಯ ಮೇಲೆ ರಕ್ತನಾಳ ಬಿಗಿಮಾಡುವ ಔಷಧ ಬಿದ್ದಂತಾಗುತ್ತಿತ್ತು. ಬಿಪಿ ಮಾತ್ರೆ ಕೊಟ್ಟು, ಕಣ್ಣಿಟ್ಟು ನೋಡಿಕೊಂಡು, 37ನೇ ವಾರಕ್ಕೆ ಹೆರಿಗೆ ಮಾಡಿಸಿದರು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ತನ್ನ ನೋವು ಹೇಗಿರುತ್ತದೆ ಅಂತ ಆಕೆಗೆ ಗೊತ್ತಿದ್ದದ್ದು, ತಿಂಗಳುಗಟ್ಟಲೆ ಬರೆದಿಟ್ಟಿದ್ದು ಆವತ್ತು ಕೆಲಸಕ್ಕೆ ಬಂತು.

ದಿನಾ ತಗೊಳ್ಳುವ, ನೋವು ತಡೆಯುವ ಔಷಧಗಳು

ನಾಲ್ಕನೇ ತಿಂಗಳಿಗೆ ನೋವು ತಾನಾಗಿ ಇಳಿಯುವ ಸಾಧ್ಯತೆ ಇರುವುದರಿಂದ, ಬಹಳ ಜನರಿಗೆ ಗರ್ಭದಲ್ಲಿ ಈ ಔಷಧ ಬೇಕಾಗುವುದಿಲ್ಲ. ಬೇಡವಾದವುಗಳ ವಿಷಯ ಮೊದಲು. ಸೋಡಿಯಂ ವಾಲ್‌ಪ್ರೊಯೇಟ್ ಮೈಗ್ರೇನ್‌ಗೆ ಗರ್ಭಿಣಿಯರಿಗೆ ಕೊಡಲೇಬಾರದು. ಬೆನ್ನುಹುರಿಯ ದೋಷ ಸೇರಿ ದೊಡ್ಡ ದೋಷಗಳು ನೂರರಲ್ಲಿ ಸುಮಾರು ಹತ್ತು ಮಕ್ಕಳಲ್ಲಿ ಕಾಣುತ್ತವೆ, ನೂರರಲ್ಲಿ ಮೂವತ್ತರಿಂದ ನಲವತ್ತು ಮಕ್ಕಳ ಕಲಿಕೆ ಮತ್ತು ಬೆಳವಣಿಗೆಗೆ ಪೆಟ್ಟು ಬೀಳಬಹುದು. ಟೊಪಿರಾಮೇಟ್‌ನಿಂದ ಸೀಳುತುಟಿ, ಕಡಿಮೆ ತೂಕ. ಕ್ಯಾಂಡಸಾರ್ಟನ್‌ನಿಂದ ಮಗುವಿನ ಕಿಡ್ನಿಗೆ ಹಾನಿ. ತಿಂಗಳಿಗೊಮ್ಮೆ ಕೊಡುವ ಸಿಜಿಆರ್‌ಪಿ ಇಂಜೆಕ್ಷನ್‌ಗಳ ಬಗ್ಗೆ ಗರ್ಭಿಣಿಯರ ಮಾಹಿತಿ ಇನ್ನೂ ಸಾಲದು, ಮೇಲಾಗಿ ಅವು ದೇಹದಿಂದ ಹೋಗಲು ಐದಾರು ತಿಂಗಳು ಬೇಕು. ಅಂದರೆ ಮಗು ಬೇಕು ಅನ್ನುವ ಮಾತು ಅರ್ಧ ವರ್ಷ ಮುಂಚೆಯೇ ಡಾಕ್ಟರ್ ಮುಂದೆ ಬರಬೇಕು. ಗೊತ್ತಿಲ್ಲದೆ ಗರ್ಭ ನಿಂತಿದ್ದರೆ ಗಾಬರಿಯಿಂದ ನೀವಾಗಿಯೇ ಮಾತ್ರೆ ಕಿತ್ತು ಬಿಸಾಡಬೇಡಿ. ಅದರಲ್ಲೂ ಅದೇ ಮಾತ್ರೆ ಫಿಟ್ಸ್‌ಗೂ ಕೊಟ್ಟಿದ್ದರೆ. ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ.

ನಿಜವಾಗಿ ಬೇಕಾದವರಿಗೆ ಉಳಿಯುವುದು ಎರಡು. ಪ್ರೊಪ್ರನೊಲಾಲ್ ಮತ್ತು ಅಮಿಟ್ರಿಪ್ಟಿಲಿನ್. ಪ್ರೊಪ್ರನೊಲಾಲ್‌ನಲ್ಲಿ ಮಗುವಿನ ತೂಕ ಕಡಿಮೆಯಾಗಬಹುದು, ಆದ್ದರಿಂದ ಬೆಳವಣಿಗೆಯ ಸ್ಕ್ಯಾನ್ ಬೇಕು. ಹುಟ್ಟಿದ ಮೇಲೆ ಮಗುವಿನ ಹೃದಯಬಡಿತ, ಸಕ್ಕರೆ ಇಳಿದಿದೆಯಾ ಅಂತ ಒಂದೆರಡು ದಿನ ನೋಡಬೇಕು. ಆಸ್ತಮಾ ಇರುವವರಿಗೆ ಇದು ಆಗದು. ಅಮಿಟ್ರಿಪ್ಟಿಲಿನ್ ರಾತ್ರಿ 10ರಿಂದ 25 ಮಿಲಿಗ್ರಾಂ, ನಿದ್ದೆ ಕೆಟ್ಟವರಿಗೆ, ಆಸ್ತಮಾ ಇರುವವರಿಗೆ ಇದೇ ಮೇಲು. ಬಾಯಿ ಒಣಗುತ್ತದೆ, ಗರ್ಭದಲ್ಲಿ ಮೊದಲೇ ಇರುವ ಮಲಬದ್ಧತೆ ಇನ್ನಷ್ಟು ಕಾಡುತ್ತದೆ. ನನ್ನನ್ನು ಕೇಳಿದರೆ, ಬಿಪಿ ಮಾಮೂಲಾಗಿದ್ದು ರಾತ್ರಿ ನಿದ್ದೆಯಿಲ್ಲದ ತಾಯಿಗೆ ಅಮಿಟ್ರಿಪ್ಟಿಲಿನ್ ಮೊದಲು ನೋಡುತ್ತೇನೆ. ಮೆಗ್ನೀಸಿಯಂ ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ, ಜಾಸ್ತಿಯಾದರೆ ಭೇದಿಯಾಗುತ್ತದೆ. ಗಿಡಮೂಲಿಕೆ ಅಂತ ಮಾರುವ ಫೀವರ್‌ಫ್ಯೂ, ಬಟರ್‌ಬರ್ ಬೇಡ.

ಹೆರಿಗೆಯಾದ ಮೇಲೆ

ಮಗು ಹುಟ್ಟಿದ ಕೂಡಲೇ ಈಸ್ಟ್ರೋಜನ್ ಧಡಕ್ಕನೆ ಬೀಳುತ್ತದೆ. ಮೊದಲ ವಾರದಲ್ಲೇ, ಅಥವಾ ಒಂದು ತಿಂಗಳೊಳಗೆ ಮೈಗ್ರೇನ್ ಮರಳುವುದು ಮಾಮೂಲು. ಎದೆಹಾಲು ಕುಡಿಸುವವರಿಗೆ ಸ್ವಲ್ಪ ತಡವಾಗಿ ಬರಬಹುದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹೆರಿಗೆ ಮಾಡಿಸಿದ್ದರೆ ಇನ್ನೊಂದು ನೋವು ಇದೆ. ಕೂತರೆ, ನಿಂತರೆ ತಲೆ ಒಡೆದುಹೋಗುವಂತೆ, ಮಲಗಿದರೆ ಇಳಿಯುವಂತೆ ಇದ್ದರೆ ಅದು ಮೈಗ್ರೇನ್ ಅಲ್ಲ, ಬೆನ್ನಿನ ಸೂಜಿಯ ತೂತಿನಿಂದ ಬಂದದ್ದು. ಅರಿವಳಿಕೆ ಡಾಕ್ಟರ್‌ಗೆ ಹೇಳಿ. ಪ್ರಿಎಕ್ಲಾಂಪ್ಸಿಯಾ ಹೆರಿಗೆಯ ನಂತರವೂ ಆರು ವಾರದವರೆಗೆ ಬರಬಹುದು, ಹಾಗಾಗಿ ಮೊದಲು ಬಿಪಿ, ಆಮೇಲೆ ಮಾತ್ರೆ ಅನ್ನುವುದು ಆಗಲೂ ಉಂಟು.

ಇಲ್ಲಿ ಆಯ್ಕೆಗಳು ಮತ್ತೆ ತೆರೆದುಕೊಳ್ಳುತ್ತವೆ. ಹಾಲು ಕುಡಿಸುವಾಗ ಪ್ಯಾರಸಿಟಮಾಲ್ ಸರಿ. 20ನೇ ವಾರದಲ್ಲಿ ಬೀಗ ಹಾಕಿದ್ದ ಐಬುಪ್ರೊಫೇನ್ ಕೂಡ ಸರಿ, ಹಾಲಿಗೆ ತೀರಾ ಕಡಿಮೆ ಹೋಗುತ್ತದೆ. ಕಿಡ್ನಿಗೆ ತೊಂದರೆಯಾಗಿದ್ದರೆ ಅಥವಾ ಬಿಪಿ ಇನ್ನೂ ಏರಿದ್ದರೆ ಮಾತ್ರ ಡಾಕ್ಟರ್ ಕೇಳಿಯೇ ತಗೊಳ್ಳಿ. ಸುಮಾಟ್ರಿಪ್ಟಾನ್ ಹಾಲಿಗೆ ಸೇರುವುದೂ ಕಡಿಮೆಯೇ. ಅದನ್ನು ತಗೊಂಡು ಹನ್ನೆರಡು ಗಂಟೆ ಹಾಲು ಹಿಂಡಿ ಚೆಲ್ಲಿದ ತಾಯಂದಿರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ದಿನ ತುಂಬಿ ಹುಟ್ಟಿದ ಆರೋಗ್ಯದ ಮಗುವಿಗೆ ಸಾಮಾನ್ಯವಾಗಿ ಅಷ್ಟು ಬೇಕಾಗುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಮಕ್ಕಳ ಡಾಕ್ಟರನ್ನು ಕೇಳಿ. ಆಸ್ಪಿರಿನ್ ನೋವಿನ ಡೋಸಿನಲ್ಲಿ ಈಗಲೂ ಬೇಡ, ಎರ್ಗೊಟಮಿನ್ ಅಂತೂ ಹಾಲು ಕುಡಿಸುವಷ್ಟು ದಿನವೂ ಬೇಡ.

ಮತ್ತೆ ಗರ್ಭ ನಿಲ್ಲದಂತೆ ಮಾತ್ರೆ ಆರಿಸುವಾಗ ಔರಾ ಇರುವವರು ಅದನ್ನು ಬಾಯಿ ಬಿಟ್ಟು ಹೇಳಬೇಕು. ಈಸ್ಟ್ರೋಜನ್ ಇರುವ ಮಾತ್ರೆ ಅವರಿಗೆ ಕೂಡದು, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಪ್ರೊಜೆಸ್ಟೋಜನ್ ಮಾತ್ರ ಇರುವ ಮಾತ್ರೆ ಅಥವಾ ಕಾಪರ್-ಟಿ ಕೇಳಿ.